ಭಾರಿ ಮಳೆ ಎಚ್ಚರಿಕೆಯನ್ನು ಊರಿನ ಕನ್ನಡಕ್ಕೆ ತರುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಮಲೆನಾಡಿನ ಒಂದು ಸಣ್ಣ ಊರು. ಒಂದು ಹಳ್ಳ, ಅದರ ಮೇಲೆ ತಗ್ಗಿನ ಸೇತುವೆ, ಎರಡು ಕಾಲುಸಂಕ, ಧರೆಯ ಬುಡದಲ್ಲಿ ಏಳೆಂಟು ಮನೆ. ಮಳೆಗಾಲದಲ್ಲಿ ಹವಾಮಾನ ಇಲಾಖೆಯ ಎಚ್ಚರಿಕೆ ಇಂಗ್ಲಿಷಿನಲ್ಲಿ ಫೋನಿಗೆ ಬರುತ್ತದೆ. ಅದನ್ನು ಕನ್ನಡ ಮಾಡಿ ಊರಿನ ವಾಟ್ಸಾಪ್ ಗುಂಪಿಗೆ ಹಾಕುವ ಕೆಲಸ ಹೇಗೋ ನನ್ನ ಕುತ್ತಿಗೆಗೆ ಬಿತ್ತು. ಈಗ ಪಕ್ಕದ ಊರುಗಳಲ್ಲೂ ಇದೇ ಕೆಲಸ ಮಾಡುವವರು ಫೋನ್ ಮಾಡಿ ಅವೇ ಪ್ರಶ್ನೆ ಕೇಳುತ್ತಾರೆ. ಅದಕ್ಕೇ ಒಂದೇ ಕಡೆ ಬರೆದಿಟ್ಟಿದ್ದೇನೆ.

ಇಂಗ್ಲಿಷಿನಲ್ಲಿ ಏನಿದೆಯೋ ಅದನ್ನೇ ಕನ್ನಡ ಮಾಡಿದರೆ ಸಾಲದೇ?

ಸಾಲದು. ಒಂದು ಉದಾಹರಣೆ ಇಟ್ಟುಕೊಳ್ಳೋಣ, ಕೊನೆಯವರೆಗೂ ಇದನ್ನೇ ನೋಡೋಣ. ಬುಧವಾರ ಮಧ್ಯಾಹ್ನ ಒಂದು ಎಚ್ಚರಿಕೆ ಬಂತು ಅಂದುಕೊಳ್ಳಿ. ಗುರುವಾರದ ಸಾಲಿನಲ್ಲಿ ನಮ್ಮ ಜಿಲ್ಲೆಯ ಹೆಸರು, ಅದರ ಮುಂದೆ "ಐಸೊಲೇಟೆಡ್ ಹೆವಿ ಟು ವೆರಿ ಹೆವಿ ರೈನ್‌ಫಾಲ್ ವೆರಿ ಲೈಕ್ಲಿ", ಜೊತೆಗೆ ಗಂಟೆಗೆ 40ರಿಂದ 50 ಕಿಲೋಮೀಟರ್ ವೇಗದ ಬಿರುಗಾಳಿ, ಬಣ್ಣ ಆರೆಂಜ್. ಇಷ್ಟೇ.

ಇದನ್ನು ಪದಕ್ಕೆ ಪದ ಇಟ್ಟು ಕನ್ನಡ ಮಾಡಿದರೆ "ಪ್ರತ್ಯೇಕ ಸ್ಥಳಗಳಲ್ಲಿ ಭಾರಿಯಿಂದ ಅತಿ ಭಾರಿ ಮಳೆಯಾಗುವ ಸಂಭವನೀಯತೆ ಇರುತ್ತದೆ" ಅಂತಾಗುತ್ತದೆ. ನಾನೂ ಮೊದಲ ವರ್ಷ ಹೀಗೇ ಬರೆದೆ. ಪಕ್ಕದ ಮನೆಯ ಅಜ್ಜ ಓದಿಸಿಕೊಂಡು ಕೇಳಿದರು: "ಅಲ್ಲ ಮಾರಾಯ, ನಾಳೆ ನಾನು ದನ ಹೊಡೆಯಬೇಕಾ ಬೇಡವಾ?" ಅದಕ್ಕೆ ನನ್ನ ಸಂದೇಶದಲ್ಲಿ ಉತ್ತರವೇ ಇರಲಿಲ್ಲ.

ಎಚ್ಚರಿಕೆಯ ಆ ಒಂದು ಸಾಲಿನಲ್ಲಿ ನಾಲ್ಕು ವಿಷಯ ಇದೆ: ಎಷ್ಟು ಮಳೆ, ಎಷ್ಟು ಜಾಗದಲ್ಲಿ, ಎಷ್ಟು ಖಚಿತ, ಯಾವಾಗಿನಿಂದ ಯಾವಾಗಿನವರೆಗೆ. ಇವು ನಾಲ್ಕೂ ಇಲಾಖೆಯ ಲೆಕ್ಕದಲ್ಲಿ ಅಳತೆ ಇರುವ ಪದಗಳು, ಸುಮ್ನೆ ಬಳಸಿದ ಮಾತುಗಳಲ್ಲ. ನಮ್ಮ ಕನ್ನಡದಲ್ಲಿ ಆ ಅಳತೆ ಕಳೆದುಹೋಗಬಾರದು.

"ಹೆವಿ", "ವೆರಿ ಹೆವಿ", "ಎಕ್ಸ್‌ಟ್ರೀಮ್ಲಿ ಹೆವಿ" ಇವಕ್ಕೆ ಏನು ಬರೆಯಬೇಕು?

ಭಾರಿ, ಅತಿ ಭಾರಿ, ಅತ್ಯಂತ ಭಾರಿ ಅಂತ ರೂಢಿಯಲ್ಲಿದೆ. ಕಾಗದದ ಮೇಲೆ ಸರಿ. ಆದರೆ ಮೈಕಿನಲ್ಲಿ ಓದಿದಾಗ "ಅತಿ" ಮತ್ತು "ಅತ್ಯಂತ" ಎರಡೂ ಒಂದೇ ಅಂತ ಕೇಳಿಸುತ್ತದೆ. ಅದಕ್ಕೆ ನಾನು ಪದದ ಜೊತೆ ಅಳತೆಯನ್ನೂ ಹಾಕುತ್ತೇನೆ. 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಬಂದರೆ ಭಾರಿ. 115.6ರಿಂದ 204.4 ಅತಿ ಭಾರಿ. 204.5 ದಾಟಿದರೆ ಅತ್ಯಂತ ಭಾರಿ.

ಇಲ್ಲಿ ನಿಜವಾದ ಬಲೆ ಇರುವುದು "ಮಾಡರೇಟ್" ಅನ್ನುವ ಪದದಲ್ಲಿ. ಅದನ್ನು ಎಲ್ಲರೂ "ಸಾಧಾರಣ ಮಳೆ" ಅಂತ ಬರೆಯುತ್ತಾರೆ. ಓದಿದವರು ಓ, ಮಾಮೂಲಿ ಮಳೆ ಅಂದುಕೊಳ್ಳುತ್ತಾರೆ. ಆದರೆ ಇಲಾಖೆಯ ಲೆಕ್ಕದಲ್ಲಿ 15.6ರಿಂದ 64.4 ಮಿಲಿಮೀಟರ್‌ವರೆಗೆ ಎಲ್ಲವೂ ಮಾಡರೇಟೇ. ನಾಲ್ಕು ದಿನ ಹಿಡಿದ ಮಳೆಗೆ ನೆಲ ಪೂರ್ತಿ ನೆನೆದಿರುವಾಗ ಮತ್ತೆ 60 ಮಿಲಿಮೀಟರ್ ಬಿದ್ದರೆ ನಮ್ಮ ಹಳ್ಳ ಸೇತುವೆ ಮೇಲೆ ಹರಿಯುತ್ತದೆ. ಹಾಗಾಗಿ ಅಂಥ ದಿನ "ಸಾಧಾರಣ" ಅಂತ ಬರೆದು ಬಿಡದೆ, "ಮಳೆ ಮಧ್ಯಮ, ಆದರೆ ನೆಲ ಈಗಾಗಲೇ ನೀರು ಕುಡಿದು ನಿಂತಿದೆ, ಹಳ್ಳ ಬೇಗ ಏರುತ್ತದೆ" ಅಂತ ಒಂದು ಮಾತು ಸೇರಿಸುತ್ತೇನೆ. ಈ ಮಾತು ನನ್ನದು, ಇಲಾಖೆಯದಲ್ಲ. ಅದನ್ನು ಬೇರೆ ಸಾಲಿನಲ್ಲಿ ಬರೆಯುತ್ತೇನೆ.

ಮಿಲಿಮೀಟರ್ ಅಂದರೆ ಜನರಿಗೆ ಅಂದಾಜು ಸಿಗುವುದಿಲ್ಲ. ಏನು ಮಾಡೋದು?

ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲೀಟರ್ ನೀರು. ಇದೊಂದು ನೆನಪಿಟ್ಟುಕೊಂಡರೆ ಉಳಿದದ್ದು ಸುಲಭ. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಅದರ ಮೇಲೆ 100 ಮಿಲಿಮೀಟರ್ ಬಿದ್ದರೆ ನಾಲ್ಕು ಲಕ್ಷ ಲೀಟರ್ ಚಿಲ್ಲರೆ. ಐದು ಸಾವಿರ ಲೀಟರ್‌ನ ಟ್ಯಾಂಕರ್ ಲೆಕ್ಕದಲ್ಲಿ 80 ಟ್ಯಾಂಕರ್ ನೀರನ್ನು ಒಂದು ಎಕರೆ ತೋಟಕ್ಕೆ ಸುರಿದ ಹಾಗೆ. ಇದನ್ನು ಹೇಳಿದ ಮೇಲೆ ತೋಟದ ಬಸಿಗಾಲುವೆಯನ್ನು ಯಾಕೆ ಇವತ್ತೇ ಬಿಡಿಸಬೇಕು ಅಂತ ಮತ್ತೆ ವಿವರಿಸಬೇಕಾಗಲಿಲ್ಲ.

ಇನ್ನೊಂದು ವಿಧಾನ, ಬಯಲಿನಲ್ಲಿ ಒಂದು ನೇರ ಗೋಡೆಯ ಪಾತ್ರೆ ಇಡುವುದು. ಬುಡ ಮತ್ತು ಬಾಯಿ ಒಂದೇ ಅಗಲ ಇರಬೇಕು. ಅದರಲ್ಲಿ ನಿಂತ ನೀರಿನ ಆಳವನ್ನು ಸ್ಕೇಲ್‌ನಲ್ಲಿ ಅಳೆದರೆ ಅದೇ ಮಳೆಯ ಮಿಲಿಮೀಟರ್. ಬಕೆಟ್ ಇಡಬೇಡಿ. ಬಕೆಟ್ಟಿನ ಬಾಯಿ ಅಗಲ, ಬುಡ ಕಿರಿದು, ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ. ಮರದ ಕೆಳಗೂ ಬೇಡ, ಸೂರಂಚಿನ ಹತ್ತಿರವೂ ಬೇಡ.

"ಐಸೊಲೇಟೆಡ್" ಅಂದರೆ "ಪ್ರತ್ಯೇಕ" ಅಲ್ವಾ?

ನಿಘಂಟಿನಲ್ಲಿ ಹೌದು, ಮಳೆಯಲ್ಲಿ ಅಲ್ಲ. ಒಂದು ಪ್ರದೇಶದ ಮಳೆ ಅಳೆಯುವ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ ಮಾತ್ರ ಆ ಮಳೆ ಬೀಳಬಹುದು ಅನ್ನುವುದಕ್ಕೆ ಅವರು ಹಾಗೆ ಹೇಳುತ್ತಾರೆ. ನಾನು "ಅಲ್ಲೊಂದು ಇಲ್ಲೊಂದು ಕಡೆ" ಅಂತ ಬರೆಯುತ್ತೇನೆ. 26ರಿಂದ 50 ಇದ್ದರೆ "ಕೆಲವು ಕಡೆ", 51ರಿಂದ 75 ಇದ್ದರೆ "ಹಲವು ಕಡೆ", ಅದಕ್ಕೂ ಮೇಲಾದರೆ "ಹೆಚ್ಚುಕಡಿಮೆ ಎಲ್ಲ ಕಡೆ".

ಇದು ಯಾಕೆ ಮುಖ್ಯ ಅಂದರೆ, ಎಚ್ಚರಿಕೆ ಕೊಟ್ಟಿರುವುದು ಜಿಲ್ಲೆಗೆ. ನಮ್ಮೂರಿಗೆ ಅಂತ ಅಲ್ಲ. ನಮ್ಮೂರಲ್ಲಿ ಬಿಸಿಲು ಕಾದು, ಹದಿನೈದು ಕಿಲೋಮೀಟರ್ ಆಚೆ ಘಟ್ಟದ ತುದಿಯಲ್ಲಿ 150 ಮಿಲಿಮೀಟರ್ ಬಿದ್ದರೂ ಎಚ್ಚರಿಕೆ ಸರಿಯೇ. ಇಷ್ಟೇ ಅಲ್ಲ, ಆ ನೀರು ನಮ್ಮ ಹಳ್ಳಕ್ಕೇ ಬರುವುದು. ಊರಲ್ಲಿ ಮಳೆ ಇಲ್ಲ ಅಂತ ಹಳ್ಳ ದಾಟಲು ಹೋಗುವವರಿಗೆ ಇದನ್ನು ಒಂದು ಸಾಲಿನಲ್ಲಿ ಹೇಳಲೇಬೇಕು: "ಇಲ್ಲಿ ಮಳೆ ಇಲ್ಲದಿದ್ದರೂ ಮೇಲೆ ಬಿದ್ದ ನೀರು ಹಳ್ಳಕ್ಕೆ ಬರುತ್ತದೆ."

"ಲೈಕ್ಲಿ", "ವೆರಿ ಲೈಕ್ಲಿ" ಎಲ್ಲದಕ್ಕೂ "ಸಾಧ್ಯತೆ ಇದೆ" ಅಂದರೆ ಆಗದೇ?

ಟಿವಿಯಲ್ಲಿ ಹಾಗೇ ಹೇಳುತ್ತಾರೆ, ಅದಕ್ಕೇ ಜನ ಕಿವಿ ಮೇಲೆ ಹಾಕಿಕೊಳ್ಳುವುದಿಲ್ಲ. ಇಲಾಖೆ ಬಳಸುವಾಗ "ಲೈಕ್ಲಿ" ಅಂದರೆ ನೂರಕ್ಕೆ 25ರಿಂದ 50ರಷ್ಟು ಸಾಧ್ಯತೆ, "ವೆರಿ ಲೈಕ್ಲಿ" ಅಂದರೆ 51ರಿಂದ 75, "ಮೋಸ್ಟ್ ಲೈಕ್ಲಿ" ಅಂದರೆ 75ಕ್ಕಿಂತ ಮೇಲೆ. ಮೂರಕ್ಕೂ ಒಂದೇ ಮಾತು ಬಳಸಿದರೆ ಮೂರೂ ಒಂದೇ ಆಗಿಬಿಡುತ್ತದೆ. ನಾನು ಮಾಡಿಕೊಂಡಿರುವ ಹೊಂದಿಕೆ ಹೀಗಿದೆ: ಮೊದಲನೆಯದಕ್ಕೆ "ಬರಬಹುದು", ಎರಡನೆಯದಕ್ಕೆ "ಬರುವುದೇ ಹೆಚ್ಚು", ಮೂರನೆಯದಕ್ಕೆ "ಬರುವುದು ಬಹುತೇಕ ಖಚಿತ". ನಿಮ್ಮೂರಿಗೆ ಬೇರೆ ಮಾತು ಹೊಂದಬಹುದು, ಅಡ್ಡಿಯಿಲ್ಲ. ಒಮ್ಮೆ ಆರಿಸಿಕೊಂಡ ಮೇಲೆ ಮಳೆಗಾಲ ಪೂರ್ತಿ ಅದನ್ನೇ ಬಳಸಿ.

"ಖಂಡಿತ ಬರುತ್ತದೆ" ಅಂತ ಮಾತ್ರ ಬರೆಯಬೇಡಿ. ಒಂದು ಸಲ ಬರದಿದ್ದರೆ ಮುಂದಿನ ಸಲ ನಿಮ್ಮನ್ನು ಯಾರೂ ನಂಬುವುದಿಲ್ಲ.

ದಿನಾಂಕದಲ್ಲಿ ಯಾಕೆ ಗೊಂದಲ ಆಗುತ್ತದೆ?

ನಮಗೆ ದಿನ ಶುರುವಾಗುವುದು ಬೆಳಗಾದಾಗ, ಗಡಿಯಾರಕ್ಕೆ ನಡುರಾತ್ರಿ, ಮಳೆ ಲೆಕ್ಕಕ್ಕೆ ಬೆಳಗ್ಗೆ 8:30ಕ್ಕೆ. ಗುರುವಾರದ ಎಚ್ಚರಿಕೆ ಅಂದರೆ ಗುರುವಾರ ಬೆಳಗ್ಗೆ 8:30ರಿಂದ ಶುಕ್ರವಾರ ಬೆಳಗ್ಗೆ 8:30ರವರೆಗೆ. ಅಂದರೆ ಶುಕ್ರವಾರ ಬೆಳಗಿನ ಜಾವ ಸುರಿಯುವ ಮಳೆಯೂ ಅದರೊಳಗೇ ಬಂತು. ಜೋರು ಮಳೆ ಎಷ್ಟೋ ಸಲ ಆ ಹೊತ್ತಿಗೇ ಬರುತ್ತದೆ. ಎಲ್ಲರೂ ಮಲಗಿರುವ ಹೊತ್ತು.

"ನಾಳೆ" ಅನ್ನುವ ಪದ ಸಂದೇಶದಲ್ಲಿ ಇರಲೇಬಾರದು. ನಾನು ಒಮ್ಮೆ ರಾತ್ರಿ ಹತ್ತಕ್ಕೆ "ನಾಳೆ ಭಾರಿ ಮಳೆ" ಅಂತ ಹಾಕಿ ಮಲಗಿದೆ. ಊರಲ್ಲಿ ನೆಟ್‌ವರ್ಕ್ ಇರಲಿಲ್ಲ. ಸುಮಾರು ಜನಕ್ಕೆ ಅದು ತಲುಪಿದ್ದು ಮಾರನೇ ದಿನ ಹನ್ನೊಂದಕ್ಕೆ. ಅವರು ಓದಿದ್ದು "ನಾಳೆ". ಹಳ್ಳ ಏರಿದ್ದು ಅವತ್ತೇ ಸಂಜೆ. ಯಾರಿಗೂ ಏನೂ ಆಗಲಿಲ್ಲ, ಆದರೆ ಒಬ್ಬರ ಪಂಪ್‌ಸೆಟ್ ಹೋಯಿತು, ಆಮೇಲೆ ಅವರು ನನ್ನ ಮುಖ ನೋಡಿ ನಕ್ಕ ನಗು ಇನ್ನೂ ನೆನಪಿದೆ. ಆಮೇಲಿಂದ ವಾರ, ದಿನಾಂಕ, ಗಂಟೆ ಮೂರನ್ನೂ ಬರೆಯುತ್ತೇನೆ. ಹೋದ ವರ್ಷದ ಎಚ್ಚರಿಕೆ ಈ ವರ್ಷ ಮತ್ತೆ ಫಾರ್ವರ್ಡ್ ಆಗಿ ಬರುವ ಪೀಡೆಗೂ ಇದೇ ಮದ್ದು, ಹಾಗಾಗಿ ಇಸವಿಯನ್ನೂ ಹಾಕಿ.

ಬಣ್ಣಗಳನ್ನು ಹೇಗೆ ಹೇಳಬೇಕು?

ಹಸಿರಿಗೆ ಎಚ್ಚರಿಕೆ ಏನೂ ಇಲ್ಲ. ಹಳದಿಗೆ "ಗಮನ ಇರಲಿ", ಆರೆಂಜ್‌ಗೆ "ಸಿದ್ಧರಾಗಿ", ಕೆಂಪಿಗೆ "ಈಗಲೇ ಕ್ರಮ ತೆಗೆದುಕೊಳ್ಳಿ". ಕಿತ್ತಳೆ ಅಂತ ಬರೆದರೆ ತಪ್ಪಲ್ಲ, ಆದರೆ ಟಿವಿ ನೋಡಿ ಎಲ್ಲರ ಬಾಯಲ್ಲೂ ಆರೆಂಜ್ ಅಲರ್ಟ್ ಅಂತಲೇ ಇದೆ, ನಾನು ಅದನ್ನೇ ಇಟ್ಟುಕೊಂಡಿದ್ದೇನೆ.

ಮಕ್ಕಳಿಗೆ ಆರೆಂಜ್ ಅಲರ್ಟ್ ಅಂದರೆ ಶಾಲೆಗೆ ರಜೆ ಅಂತ ಅರ್ಥ! ರಜೆ ಬೇರೆ ಆದೇಶ, ಅದು ಜಿಲ್ಲಾಡಳಿತದಿಂದ ಬರಬೇಕು. ಎರಡನ್ನೂ ಒಂದೇ ಸಂದೇಶದಲ್ಲಿ ಕಲಸಬೇಡಿ. ಇನ್ನೊಂದು, ಜನ ಹೆದರಲಿ ಅಂತ ಆರೆಂಜನ್ನು ಕೆಂಪು ಮಾಡುವುದು, ಹೆದರದಿರಲಿ ಅಂತ ಹಳದಿ ಮಾಡುವುದು, ಎರಡೂ ಬೇಡ. ಬಣ್ಣ ಇಲಾಖೆಯದು, ನಮ್ಮ ಕೈಗೆ ಬರುವುದು ಅದರ ಕೆಳಗಿನ "ಏನು ಮಾಡಬೇಕು" ಮಾತ್ರ.

"ಏನು ಮಾಡಬೇಕು" ಅನ್ನುವುದನ್ನು ಎಲ್ಲಿಂದ ತರೋದು?

ಊರಿನಿಂದಲೇ. ಇಲಾಖೆಯ ಸಲಹೆಯಲ್ಲಿ "ತಗ್ಗು ಪ್ರದೇಶಗಳನ್ನು ತಪ್ಪಿಸಿ" ಅಂತ ಇರುತ್ತದೆ. ನಮ್ಮೂರಲ್ಲಿ ತಗ್ಗು ಪ್ರದೇಶ ಅಂತ ಯಾವ ಜಾಗಕ್ಕೂ ಹೆಸರಿಲ್ಲ. ಕೆಳಗಿನ ಸೇತುವೆ ಇದೆ, ಅಂಗನವಾಡಿ ಹಿಂದಿನ ಕಾಲುಸಂಕ ಇದೆ, ಕೆರೆ ಕೋಡಿ ಹತ್ತಿರದ ಗದ್ದೆಬಯಲು ಇದೆ. ಈ ಹೆಸರು ಬರೆದರೆ ಜನ ತಲೆ ಎತ್ತುತ್ತಾರೆ.

ಮಳೆಗಾಲ ಶುರುವಾಗುವ ಮೊದಲೇ ಒಂದು ಸಂಜೆ ಕೂತು ಪಟ್ಟಿ ಮಾಡಿ. ಯಾವ ಸೇತುವೆ ಮೊದಲು ಮುಳುಗುತ್ತದೆ, ಯಾವ ಮನೆಗಳು ಧರೆಯ ಬುಡದಲ್ಲಿವೆ, ಹಾಸಿಗೆ ಹಿಡಿದವರು ಯಾರ ಮನೆಯಲ್ಲಿದ್ದಾರೆ, ಯಾರಿಗೆ ಹೆರಿಗೆ ದಿನ ಹತ್ತಿರ ಇದೆ. ಹಳಬರನ್ನು ಕೇಳಿ. ಯಾವ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಅವರು ಗೋಡೆ ಮುಟ್ಟಿ ತೋರಿಸುತ್ತಾರೆ. ಆಶಾ ಕಾರ್ಯಕರ್ತೆಯರ ಹತ್ತಿರ ಬಸುರಿಯರ ಮತ್ತು ಕಾಯಿಲೆಯವರ ಲೆಕ್ಕ ಇರುತ್ತದೆ, ಆದರೆ ಆ ಹೆಸರುಗಳನ್ನು ಗುಂಪಿನಲ್ಲಿ ಹಾಕಬೇಡಿ, ಯಾರು ಯಾರ ಮನೆಗೆ ಹೋಗಿ ನೋಡಬೇಕು ಅಂತ ನಾಲ್ಕು ಜನ ಹಂಚಿಕೊಂಡರೆ ಸಾಕು.

ಮಳೆಗೆ ಮೊದಲು ಏನು ಹೇಳಬೇಕು?

ನಮ್ಮ ಉದಾಹರಣೆಯಲ್ಲಿ ಬುಧವಾರ ಮಧ್ಯಾಹ್ನಕ್ಕೆ ಎಚ್ಚರಿಕೆ ಬಂತು, ಗುರುವಾರ 8:30ಕ್ಕೆ ಶುರು. ಕೈಯಲ್ಲಿರುವುದು ಒಂದು ಸಂಜೆಯ ಬೆಳಕು. ಅಷ್ಟರಲ್ಲಿ ಆಗುವ ಕೆಲಸವನ್ನೇ ಹೇಳಬೇಕು. "ಮನೆಯ ಚಾವಣಿ ದುರಸ್ತಿ ಮಾಡಿಸಿ" ಅಂದರೆ ಯಾರು ಮಾಡುತ್ತಾರೆ?

ತೋಟದ ಬಸಿಗಾಲುವೆ, ಮನೆ ಹಿಂದಿನ ಚರಂಡಿ, ಮೋರಿಯ ಬಾಯಿ, ಇವುಗಳಲ್ಲಿ ಸಿಕ್ಕಿಕೊಂಡ ಸೋಗೆ, ಕಸ ತೆಗೆಯುವುದು ಮೊದಲ ಕೆಲಸ. ಗುಡ್ಡದ ಕಡೆಯಿಂದ ಬರುವ ನೀರು ಧರೆಯ ನೆತ್ತಿಯಲ್ಲಿ ಇಂಗದೆ ಪಕ್ಕಕ್ಕೆ ಹರಿದು ಹೋಗುವಂತೆ ದಾರಿ ಬಿಡಿಸುವುದು ಎರಡನೆಯದು, ಯಾಕೆಂದರೆ ಧರೆ ಜರಿಯುವುದು ಬಹಳ ಸಲ ಒಳಗೆ ನೀರು ತುಂಬಿ ಮಣ್ಣು ಭಾರವಾದಾಗ. ಹಳ್ಳದ ಬದಿಯ ಪಂಪ್‌ಸೆಟ್ ಎತ್ತಿಡಿ. ದನಗಳನ್ನು ಹಳ್ಳದ ಆಚೆ ಮೇಯಲು ಬಿಡಬೇಡಿ, ಮತ್ತು ನೀರು ನುಗ್ಗುವ ಕೊಟ್ಟಿಗೆಯಾದರೆ ರಾತ್ರಿ ಕಣ್ಣಿ ಬಿಚ್ಚಿಡಿ. ಕಟ್ಟಿದ ದನ ಈಜಲಾರದು.

ರೈತರಿಗೆ ಒಂದೇ ಮಾತು ಸಾಕು: ಮಳೆ ಮುಗಿಯುವವರೆಗೆ ಗೊಬ್ಬರ ಹಾಕಬೇಡಿ, ಅಡಿಕೆಗೆ ಬೋರ್ಡೋ ಹೊಡೆಯಬೇಡಿ, ಕೊಟ್ಟ ಕೂಲಿಯೂ ಹೋಗುತ್ತದೆ, ಮದ್ದೂ ತೊಳೆದು ಹೋಗುತ್ತದೆ.

ಫೋನ್ ಚಾರ್ಜ್, ಟಾರ್ಚ್, ಎರಡು ದಿನದ ಮಾತ್ರೆ, ಕುಡಿಯುವ ನೀರು, ಆಧಾರ್ ಮತ್ತು ಪಾಸ್‌ಬುಕ್ ಒಂದು ಪ್ಲಾಸ್ಟಿಕ್ ಚೀಲದಲ್ಲಿ. ಇದು ಎಲ್ಲರಿಗೂ ಗೊತ್ತು, ಒಂದು ಸಾಲಿನಲ್ಲಿ ಮುಗಿಸಿ.

ಸಿಡಿಲಿನ ಬಗ್ಗೆಯೂ ಸೇರಿಸಬೇಕಾ?

ಎಚ್ಚರಿಕೆಯಲ್ಲಿ ಗುಡುಗು ಸಿಡಿಲು ಅಂತ ಇದ್ದರೆ ಮಾತ್ರ. ನಮ್ಮ ಕಡೆ ಸಿಡಿಲಿನ ಕಾಟ ಏಪ್ರಿಲ್, ಮೇ ತಿಂಗಳಲ್ಲಿ ಜಾಸ್ತಿ, ಜುಲೈನ ಜಡಿಮಳೆಯಲ್ಲಿ ಕಡಿಮೆ. ನಮ್ಮ ಉದಾಹರಣೆಯಲ್ಲಿ ಗಾಳಿ ಇದೆ, ಸಿಡಿಲಿಲ್ಲ. ಹಾಗಾಗಿ ಮರದ ಕೆಳಗೆ ಗಾಡಿ ನಿಲ್ಲಿಸಬೇಡಿ, ತುಂಡಾದ ಕರೆಂಟ್ ತಂತಿಯ ಹತ್ತಿರ ಹೋಗಬೇಡಿ, 1912ಕ್ಕೆ ಅಥವಾ ಲೈನ್‌ಮನ್‌ಗೆ ಹೇಳಿ ಅಂದರೆ ಸಾಕು. ಗೊತ್ತಿರುವ ಎಲ್ಲ ಸಲಹೆಯನ್ನೂ ಒಂದೇ ಸಂದೇಶದಲ್ಲಿ ತುಂಬಿದರೆ ಮುಖ್ಯವಾದದ್ದು ಅಡಿಯಲ್ಲಿ ಹೂತುಹೋಗುತ್ತದೆ.

ಮಳೆ ಸುರಿಯುತ್ತಿರುವಾಗ ಏನು ಹೇಳಬೇಕು?

ಎರಡೇ ವಿಷಯ. ಹರಿಯುವ ನೀರು ಮತ್ತು ಧರೆ.

ರಭಸದ ನೀರು ಅರ್ಧ ಅಡಿ ಇದ್ದರೂ ದೊಡ್ಡವರ ಕಾಲನ್ನೇ ಎಳೆದುಬಿಡಬಹುದು. ಒಂದು ಅಡಿ ನೀರಿನಲ್ಲಿ ಸಣ್ಣ ಕಾರು ತೇಲಲು ಶುರುವಾಗಬಹುದು. ಕೆಂಪು ನೀರಿನ ಕೆಳಗೆ ಸೇತುವೆ ಇನ್ನೂ ಇದೆಯೋ ಕೊಚ್ಚಿ ಹೋಗಿದೆಯೋ ಮೇಲಿಂದ ಕಾಣಿಸುವುದಿಲ್ಲ. ಅದಕ್ಕೇ "ಎಚ್ಚರಿಕೆಯಿಂದ ದಾಟಿ" ಅಂತ ನಾನು ಬರೆಯುವುದೇ ಇಲ್ಲ. "ಸೇತುವೆ ಮೇಲೆ ನೀರು ಬಂದರೆ ದಾಟಬೇಡಿ" ಅಷ್ಟೇ. ಎಚ್ಚರಿಕೆಯಿಂದ ಅಂದರೆ ಬೈಕಿನ ಹುಡುಗರಿಗೆ ದಾಟಬಹುದು ಅಂತ ಕೇಳಿಸುತ್ತದೆ.

ಧರೆಯ ಬುಡದ ಮನೆಯವರಿಗೆ ಬೇರೆಯೇ ಸಂದೇಶ ಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಏನಾಯಿತು, 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಹೇಗೆ ಬಂತು ಅಂತ ಎಲ್ಲರೂ ನೋಡಿದ್ದಾರೆ. ಇಲ್ಲಿ "ಭೂಕುಸಿತ" ಅಂತ ಬರೆಯುವುದಕ್ಕಿಂತ "ಧರೆ ಜರಿಯುವುದು, ಗುಡ್ಡ ಕುಸಿಯುವುದು" ಅಂತ ಬರೆದರೆ ಬೇಗ ತಟ್ಟುತ್ತದೆ. ನೋಡಬೇಕಾದ ಗುರುತುಗಳು ಹೀಗಿವೆ: ಅಂಗಳದಲ್ಲಿ ಅಥವಾ ಧರೆಯ ಮೇಲೆ ಹೊಸ ಬಿರುಕು, ಮರ ಕಂಬ ವಾಲುವುದು, ಬಾಗಿಲು ಇದ್ದಕ್ಕಿದ್ದಂತೆ ಹಾಕಲು ಬಾರದಿರುವುದು, ಇಲ್ಲದ ಕಡೆ ಕೆಸರು ನೀರು ಒಸರುವುದು. ಇನ್ನೊಂದು ಇದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. ಮಳೆ ಸುರಿಯುತ್ತಲೇ ಇದ್ದು ಹಳ್ಳದ ನೀರು ಮಾತ್ರ ಇದ್ದಕ್ಕಿದ್ದಂತೆ ಇಳಿದರೆ ಖುಷಿಪಡಬೇಡಿ. ಮೇಲೆ ಎಲ್ಲೋ ಮಣ್ಣು, ಮರ ಬಿದ್ದು ನೀರಿಗೆ ಅಡ್ಡ ಕಟ್ಟಿರಬಹುದು. ಅದು ಒಡೆದರೆ ಎಲ್ಲ ಒಟ್ಟಿಗೆ ಬರುತ್ತದೆ. ಹಳ್ಳದ ಬದಿಯವರು ಆಗಲೇ ಎತ್ತರಕ್ಕೆ ಹೋಗಬೇಕು.

ಈ ಗುರುತು ಕಂಡವರು ಕೆಂಪು ಬಣ್ಣಕ್ಕೋ ಅಧಿಕಾರಿಗಳ ಆದೇಶಕ್ಕೋ ಕಾಯಬಾರದು. ಹೊರಡಿ, ಆಮೇಲೆ 112ಕ್ಕೆ ಅಥವಾ ಜಿಲ್ಲೆಯ ಕಂಟ್ರೋಲ್ ರೂಮಿನ 1077ಕ್ಕೆ ಫೋನ್ ಮಾಡಿ. ಯಾರ ಮನೆಗೆ ಹೋಗುವುದು ಅಂತ ಹಿಂದಿನ ಸಂಜೆಯೇ ಮಾತಾಡಿಕೊಂಡಿದ್ದರೆ ನಡುರಾತ್ರಿ ಸಂಕೋಚ ಇರುವುದಿಲ್ಲ. ನಮ್ಮಲ್ಲಿ ಜನ ಬೆಳಗಾಗಲಿ ಅಂತ ಕಾಯುವುದು ಹೆದರಿಕೆಯಿಂದ ಅಲ್ಲ, ದಾಕ್ಷಿಣ್ಯದಿಂದ.

ಮಳೆ ನಿಂತ ಮೇಲೆ ಇನ್ನೇನು ಹೇಳಲಿಕ್ಕಿದೆ?

ಬೇಕಾದಷ್ಟಿದೆ. ಮಳೆ ನಿಂತ ಮೇಲಿನ ಸಂದೇಶವನ್ನು ಬೇರೆಯಾಗಿಯೇ ಕಳಿಸಿ. ಮೊದಲೇ ಕಳಿಸಿದರೆ ಯಾರೂ ಓದುವುದಿಲ್ಲ.

ಮೊದಲು ಧರೆ. ಮಳೆ ನಿಂತು ಒಂದೆರಡು ದಿನ ಆದಮೇಲೂ ಜರಿಯಬಹುದು, ಬಿಸಿಲು ಬಂತು ಅಂತ ಬಿರುಕು ಬಿಟ್ಟ ಮನೆಗೆ ಮರಳಬೇಡಿ. ಆಮೇಲೆ ಕರೆಂಟ್: ನೀರು ನುಗ್ಗಿದ ಮನೆಯಲ್ಲಿ ಸ್ವಿಚ್ ಬೋರ್ಡ್ ಒಣಗಿ, ಗೊತ್ತಿರುವವರು ನೋಡುವವರೆಗೆ ಮೇನ್ ಸ್ವಿಚ್ ಹಾಕಬೇಡಿ. ಸೌದೆ ರಾಶಿ, ಹಂಚಿನ ಸಂದು, ಬೂಟಿನ ಒಳಗೆ ಹಾವು ಸೇರಿರಬಹುದು. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ, ಕಚ್ಚಿದ ಭಾಗ ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ.

ನೀರು ದೊಡ್ಡ ವಿಷಯ. ಪ್ರವಾಹದ ನೀರು ನುಗ್ಗಿದ ಬಾವಿಯ ನೀರನ್ನು ಕುಡಿಯಬೇಡಿ, ಕುಡಿಯುವ ನೀರು ಚೆನ್ನಾಗಿ ಕೊತಕೊತ ಕುದಿಯಬೇಕು. ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವಾಗ ಕೈಗೆ ಬಂದಷ್ಟು ಎಸೆಯುವವರೇ ಜಾಸ್ತಿ. ತಿಳಿನೀರಿನ ಬಾವಿಗೆ ಸಾವಿರ ಲೀಟರ್‌ಗೆ ಸುಮಾರು ಎರಡೂವರೆ ಗ್ರಾಂ ಒಳ್ಳೆಯ ಪುಡಿ ಅನ್ನುವುದು ಲೆಕ್ಕ. ಬಾವಿಯ ಅಗಲ ಮೂರು ಮೀಟರ್, ನೀರಿನ ಆಳ ನಾಲ್ಕು ಮೀಟರ್ ಇದ್ದರೆ ಅದರಲ್ಲಿ ಸುಮಾರು 28 ಸಾವಿರ ಲೀಟರ್ ನೀರಿರುತ್ತದೆ, ಅಂದರೆ 70 ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ಕೆಳಗೆ ಕೂತ ಮೇಲೆ ಮೇಲಿನ ತಿಳಿಯನ್ನು ಬಾವಿಗೆ ಇಳಿಸಿ ಚೆನ್ನಾಗಿ ಕಲಕಿ, ಕನಿಷ್ಠ ಒಂದು ಗಂಟೆ ಬಿಡಬೇಕು. ಆದರೆ ಕೆಸರು ನುಗ್ಗಿದ ಬಾವಿಗೆ ಇದು ಸಾಲದು, ಕೆಸರೇ ಕ್ಲೋರಿನ್ ತಿಂದುಹಾಕುತ್ತದೆ. ಮೊದಲು ನೀರೆತ್ತಿ ಸ್ವಚ್ಛ ಮಾಡಿ, ಆರೋಗ್ಯ ಇಲಾಖೆಯವರು ಪರೀಕ್ಷೆ ಮಾಡಿ ಹೇಳಿದಷ್ಟು ಹಾಕಬೇಕು. ಸಂದೇಶದಲ್ಲಿ ನಾನು ಈ ಲೆಕ್ಕ ಹಾಕುವುದಿಲ್ಲ. "ಕುದಿಸಿ ಕುಡಿಯಿರಿ, ಬಾವಿಗೆ ಔಷಧ ಹಾಕಿಸಲು ಆಶಾ ಅವರಿಗೆ ಹೇಳಿ" ಅಷ್ಟೇ.

ಕೆಸರಿನಲ್ಲಿ ಬರಿಗಾಲಲ್ಲಿ ಕೆಲಸ ಮಾಡಿದವರಿಗೆ ಮುಂದಿನ ಎರಡು ಮೂರು ವಾರಗಳಲ್ಲಿ ಜ್ವರ, ಮೀನಖಂಡ ನೋವು, ಕಣ್ಣು ಕೆಂಪಾಗುವುದು ಕಂಡರೆ ಇಲಿ ಜ್ವರ ಇರಬಹುದು. ಆಸ್ಪತ್ರೆಗೆ ಹೋದಾಗ ಕೆಸರಿನಲ್ಲಿ ಇಳಿದಿದ್ದೆ ಅಂತ ಡಾಕ್ಟರಿಗೆ ಹೇಳಲು ಮರೆಯಬೇಡಿ, ಅದೇ ಅವರಿಗೆ ಸುಳಿವು.

ಪರಿಹಾರದ ಬಗ್ಗೆ: ಸ್ವಚ್ಛ ಮಾಡುವ ಮೊದಲು ಫೋಟೊ ತೆಗೆಯಿರಿ, ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ. ದನ ಸತ್ತಿದ್ದರೆ ಹೂಳುವ ಮೊದಲು ಪಶುವೈದ್ಯರನ್ನು ಕರೆಸಿ. ಫಸಲ್ ಬಿಮಾ ಮಾಡಿಸಿದವರು ಹಾನಿಯಾದ 72 ಗಂಟೆಯೊಳಗೆ ತಿಳಿಸಬೇಕು, ಈ ಗಡುವನ್ನು ಮಾತ್ರ ದಪ್ಪಕ್ಷರದಲ್ಲಿ ಹಾಕಿ.

ಒಟ್ಟು ಸಂದೇಶ ಹೇಗಿರಬೇಕು, ಬರೆದು ತೋರಿಸ್ತೀರಾ?

ನಮ್ಮ ಉದಾಹರಣೆಗೆ ಬುಧವಾರ ಸಂಜೆ ಹೋಗುವ ಸಂದೇಶ ಇದು:

"ಮಳೆ ಎಚ್ಚರಿಕೆ, ಆರೆಂಜ್: ಸಿದ್ಧರಾಗಿ. 17 ಜುಲೈ 2025 ಗುರುವಾರ ಬೆಳಗ್ಗೆ 8:30ರಿಂದ ಶುಕ್ರವಾರ ಬೆಳಗ್ಗೆ 8:30ರವರೆಗೆ. ನಮ್ಮ ಜಿಲ್ಲೆಯಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಭಾರಿಯಿಂದ ಅತಿ ಭಾರಿ ಮಳೆ (65ರಿಂದ 204 ಮಿ.ಮೀ.) ಬರುವುದೇ ಹೆಚ್ಚು. ಜೋರು ಗಾಳಿಯೂ ಇದೆ. ಇದು ಹವಾಮಾನ ಇಲಾಖೆ ಬುಧವಾರ ಮಧ್ಯಾಹ್ನ ಹೇಳಿದ್ದು.

ಊರಿನವರಿಗೆ: ಇವತ್ತು ಕತ್ತಲಾಗುವ ಮೊದಲು ಚರಂಡಿ, ಬಸಿಗಾಲುವೆ ಬಿಡಿಸಿ. ಪಂಪ್‌ಸೆಟ್ ಎತ್ತಿಡಿ. ಗುರುವಾರ ದನ ಹಳ್ಳದ ಆಚೆ ಬಿಡಬೇಡಿ. ಕೆಳಗಿನ ಸೇತುವೆ, ಅಂಗನವಾಡಿ ಹಿಂದಿನ ಕಾಲುಸಂಕದ ಮೇಲೆ ನೀರು ಬಂದರೆ ದಾಟಬೇಡಿ. ಇಲ್ಲಿ ಮಳೆ ಇಲ್ಲದಿದ್ದರೂ ಹಳ್ಳ ಏರಬಹುದು. ಧರೆ ಬುಡದ ಮನೆಯವರು ಗುರುವಾರ ರಾತ್ರಿ ಬೇರೆ ಕಡೆ ಮಲಗಿ, ಶಾಲೆಯ ಕೀಲಿ ತೆಗೆದಿರುತ್ತದೆ. ತುರ್ತಿಗೆ 112."

ಮೇಲಿನದು ಇಲಾಖೆಯ ಮಾತು, ಕೆಳಗಿನದು ನಮ್ಮ ಮಾತು. ಎರಡರ ನಡುವೆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ ನೋಡಿ. "ಶಾಲೆಯ ಕೀಲಿ ತೆಗೆದಿರುತ್ತದೆ" ಅಂತ ಬರೆಯುವ ಮೊದಲು ಹೆಡ್‌ಮಾಸ್ಟರಿಗೂ ಪಂಚಾಯಿತಿಗೂ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಮಳೆಯಲ್ಲಿ ಹೋಗಿ ಬೀಗ ನೋಡಿ ಬಂದವರು ಮತ್ತೆ ಹೋಗುವುದಿಲ್ಲ.

ಓದಲು ಬಾರದವರಿಗೆ?

ಅದೇ ಸಂದೇಶವನ್ನು ನಿಧಾನವಾಗಿ ಓದಿ ಧ್ವನಿ ಸಂದೇಶ ಮಾಡಿ. ಒಂದು ನಿಮಿಷ ದಾಟಬಾರದು, ವಾರ ಮತ್ತು ಗಂಟೆಯನ್ನು ಎರಡು ಸಲ ಹೇಳಿ. ದೇವಸ್ಥಾನದ ಮೈಕು, ಮಸೀದಿಯ ಮೈಕು, ಹಾಲಿನ ಡೇರಿ, ಎಲ್ಲ ಕಡೆ ಅದೇ ಮಾತುಗಳು ಹೋಗಲಿ. ಡೇರಿ ಎಲ್ಲಕ್ಕಿಂತ ಒಳ್ಳೆಯದು, ಸಂಜೆ ಹಾಲು ಹಾಕಲು ಮನೆಗೊಬ್ಬರಾದರೂ ಬರುತ್ತಾರೆ.

ಕಳಿಸುವ ಮೊದಲು ಇಬ್ಬರಿಗೆ ಓದಿ ಹೇಳಿ, "ಅರ್ಥ ಆಯ್ತಾ" ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. "ಈಗ ನೀವೇನು ಮಾಡ್ತೀರಿ, ಯಾವಾಗ?" ಅಂತ ಕೇಳಿ. ತಪ್ಪು ಉತ್ತರ ಬಂದರೆ ತಿದ್ದಬೇಕಾದದ್ದು ಸಂದೇಶ.

ಎಚ್ಚರಿಕೆ ಕೊಟ್ಟೆ, ಮಳೆಯೇ ಬರಲಿಲ್ಲ. ಊರವರು ನಗ್ತಾರೆ. ಏನು ಹೇಳಲಿ?

ಶುಕ್ರವಾರ ಬೆಳಗ್ಗೆ ನಿಮ್ಮ ಪಾತ್ರೆಯ ಅಳತೆಯನ್ನೂ ಜಿಲ್ಲೆಯ ಬೇರೆ ಕಡೆಯ ಅಳತೆಯನ್ನೂ ಗುಂಪಿಗೆ ಹಾಕಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಇವೆ. "ನಮ್ಮಲ್ಲಿ 22, ಘಟ್ಟದ ಮೇಲಿನ ಹೋಬಳಿಯಲ್ಲಿ 140" ಅಂತ ಎರಡು ಅಂಕಿ ಪಕ್ಕಪಕ್ಕ ಕಂಡರೆ "ಅಲ್ಲೊಂದು ಇಲ್ಲೊಂದು" ಅಂದರೆ ಏನು ಅಂತ ತಾನೇ ತಿಳಿಯುತ್ತದೆ. ಎಲ್ಲೂ ಬರದಿದ್ದರೆ ಎಲ್ಲೂ ಬರಲಿಲ್ಲ ಅಂತಲೇ ಬರೆಯಿರಿ. ಹಾಗೇ ಅವಧಿ ಮುಗಿದ ಮೇಲೆ "ಆರೆಂಜ್ ಮುಗಿಯಿತು, ಈಗ ಹಳದಿ" ಅಂತ ಒಂದು ಸಾಲು ಹಾಕಿ, ಇಲ್ಲದಿದ್ದರೆ ಧರೆ ಬುಡದ ಮನೆಯವರು ಶಾಲೆಯಲ್ಲೇ ಕೂತು ನಿಮ್ಮ ಫೋನಿಗೆ ಕಾಯುತ್ತಿರುತ್ತಾರೆ.